ಮೊದಲ ಮನೆ ಯಾವಾಗ? ಕುಜ ಕೊಡುವ ಅವಸರ, ಶನಿ ಕೇಳುವ ಕಾಗದ

ನನಗೆ ಜಾತಕ ಕಳಿಸುವವರಲ್ಲಿ ಈಗ ಹೆಚ್ಚಿನವರು ಮೂವತ್ತರ ಆಸುಪಾಸಿನವರು. ಹಿಂದೆ "ಮದುವೆ ಯಾವಾಗ?" ಅಂತ ಕೇಳುತ್ತಿದ್ದ ಈ ವಯಸ್ಸಿನವರು ಈಗ "ಸ್ವಂತ ಮನೆ ಯಾವಾಗ?" ಅಂತ ಕೇಳ್ತಾರೆ. ಜತೆಗೆ ಮೊಬೈಲಿನಲ್ಲಿ ಓದಿದ ಒಂದು ಭಯವೂ ಇರುತ್ತೆ: "ನಾಲ್ಕನೇ ಮನೆಗೆ ಶನಿ ಬಂದಿದ್ದಾನಂತೆ, ಈಗ ಮನೆ ಕೊಳ್ಳಬಾರದಂತೆ, ಹೌದಾ?"

ಹಾಗೇನಿಲ್ಲ. ಶಾಸ್ತ್ರದ ಮಾತು ಅಷ್ಟು ಮೊಂಡಾಗಿಲ್ಲ. ಜಾತಕದಲ್ಲಿ ನಾಲ್ಕನೇ ಭಾವ ಎಂದರೆ ಸುಖಸ್ಥಾನ. ತಾಯಿ, ಭೂಮಿ, ಮನೆ, ವಾಹನ ಎಲ್ಲವನ್ನೂ ಅಲ್ಲೇ ನೋಡುವುದು. ಭೂಮಿಗೆ ಕಾರಕ ಕುಜ. ಜಾಗ ಹಿಡಿಯುವ ಧೈರ್ಯ, ಕೈಹಾಕುವ ಅವಸರ ಅವನದು. ಶನಿ ತಡಮಾಡುವವನು, ಲೆಕ್ಕ ಕೇಳುವವನು. ಹಳೇ ಮನೆ, ದೀರ್ಘ ಕಾಲದ ಸಾಲ, ಹಲವರ ಹೆಸರಿರುವ ಆಸ್ತಿ ಅವನ ಪಾಲಿಗೆ ಬರುತ್ತವೆ. ಹಾಗಾಗಿ ಕೊಳ್ಳುವ ಕಾಲವನ್ನು ನಾನು ಮೂರು ಹೆಜ್ಜೆಯಲ್ಲಿ ನೋಡ್ತೇನೆ. ನಾಲ್ಕನೇ ಭಾವದಲ್ಲಿ ಮನೆಯ ಯೋಗ ಇದೆಯೇ, ಅದನ್ನು ಎಬ್ಬಿಸುವ ದಶೆ-ಭುಕ್ತಿ ಯಾವಾಗ, ಆ ಹೊತ್ತಿಗೆ ಶನಿ ಮತ್ತು ಗುರು ಎಲ್ಲಿರುತ್ತಾರೆ.

ಒಂದು ಜಾತಕವನ್ನೇ ಹಿಡಿದು ನೋಡೋಣ. ಕಾರವಾರದಲ್ಲಿ ಕೆಲಸ ಮಾಡುವ, ಅಂಕೋಲಾ ಮೂಲದ ಒಬ್ಬ ಹುಡುಗಿಯದು. ಹುಟ್ಟಿದ್ದು 1994ರ ಏಪ್ರಿಲ್ ಕೊನೆಯ ಭಾಗದಲ್ಲಿ, ರಾತ್ರಿ ಹನ್ನೊಂದರ ಸುಮಾರಿಗೆ. ಧನು ಲಗ್ನ, ಹಸ್ತಾ ನಕ್ಷತ್ರ, ಕನ್ಯಾ ರಾಶಿ. ಲಗ್ನದಿಂದ ಎಣಿಸಿದರೆ ನಾಲ್ಕನೆಯದು ಮೀನ, ಅಲ್ಲೇ ಕುಜ ಕೂತಿದ್ದಾನೆ. ಮದುವೆಯ ಮಾತು ಬಂದಾಗ ಇದೇ ಕುಜನನ್ನು ದೋಷ ಅಂತ ಬರೆದುಕೊಟ್ಟಿದ್ದರಂತೆ. ಆದರೆ ಮನೆಯ ವಿಚಾರಕ್ಕೆ ನೋಡಿದರೆ ಭೂಮಿಕಾರಕ ಭೂಮಿಯ ಸ್ಥಾನದಲ್ಲೇ ಇದ್ದಾನೆ. ಮೀನದ ಅಧಿಪತಿ ಗುರು ಹನ್ನೊಂದರಲ್ಲಿ, ತುಲೆಯಲ್ಲಿ. ಅದು ಲಾಭಸ್ಥಾನ. ಕುಜನ ಎಂಟನೇ ದೃಷ್ಟಿ ಆ ಗುರುವಿನ ಮೇಲೆ ಬೀಳುತ್ತೆ. ಶನಿ ಮೂರರಲ್ಲಿ, ಸ್ವಂತ ರಾಶಿಯಾದ ಕುಂಭದಲ್ಲಿ. ಎರಡನೇ ಮನೆಗೂ, ಅಂದರೆ ಕೂಡಿಟ್ಟ ಹಣಕ್ಕೂ, ಅವನೇ ಅಧಿಪತಿ. ಮನೆ ಆಗುತ್ತೆ, ಆದರೆ ಸ್ವಂತ ದುಡಿಮೆಯಿಂದ, ನಿಧಾನವಾಗಿ ಕೂಡಿಟ್ಟು. ನಾನು ಓದಿದ್ದು ಹೀಗೆ.

ಈಗ ಕಾಲ. ವಿಂಶೋತ್ತರಿ ಲೆಕ್ಕದಲ್ಲಿ ಅವಳಿಗೆ ರಾಹು ದಶೆ ಮುಗಿಯುತ್ತಾ ಬಂದಿದೆ. ರಾಹು ದಶೆಯ ಕೊನೆಯ ಭುಕ್ತಿ ಕುಜನದು, ಒಂದು ವರ್ಷ ಹದಿನೆಂಟು ದಿನ. ಅದು ಶುರುವಾಗೋದು 2026ರ ಅಕ್ಟೋಬರ್ ಹೊತ್ತಿಗೆ. ಅದು ಮುಗಿದ ಕೂಡಲೇ ನಾಲ್ಕನೇ ಭಾವಾಧಿಪತಿ ಗುರುವಿನ ಹದಿನಾರು ವರ್ಷದ ದಶೆ ಬರುತ್ತೆ.

ಮೂರನೇ ಹೆಜ್ಜೆ ಗೋಚಾರ. 2025ರ ಮಾರ್ಚ್ ಕೊನೆಯಿಂದ 2027ರ ಜೂನ್ ಆರಂಭದವರೆಗೆ ಶನಿ ಮೀನದಲ್ಲಿ, ಅಂದರೆ ಇವಳ ನಾಲ್ಕನೇ ಮನೆಯಲ್ಲೇ ಇರುತ್ತಾನೆ. ಗುರು ಕರ್ಕಾಟಕದಲ್ಲಿದ್ದಾಗ ಅವನ ಒಂಬತ್ತನೇ ದೃಷ್ಟಿ ಮೀನದ ಮೇಲೆ ಬೀಳುತ್ತೆ. 2026ರ ಜೂನ್‌ನಿಂದ ಅಕ್ಟೋಬರ್ ಕೊನೆಯವರೆಗೆ ಒಮ್ಮೆ, ಮತ್ತೆ 2027ರ ಜನವರಿ ಕೊನೆಯಿಂದ ಜೂನ್‌ವರೆಗೆ ಇನ್ನೊಮ್ಮೆ ಗುರು ಅಲ್ಲಿರುತ್ತಾನೆ. ಶನಿ, ಗುರು ಇಬ್ಬರೂ ಒಂದೇ ಭಾವವನ್ನು ಮುಟ್ಟಿದಾಗ ಆ ಭಾವದ ಕೆಲಸ ನಡೆಯುತ್ತದೆ ಎಂಬ ಸೂತ್ರವನ್ನು ನಮ್ಮ ಕಾಲದಲ್ಲಿ ಹೆಚ್ಚು ಬಳಕೆಗೆ ತಂದವರು ದೆಹಲಿಯ ಕೆ.ಎನ್. ರಾವ್. ಇಲ್ಲಿ ಕುಜ ಭುಕ್ತಿಯೂ ಸೇರುವುದು 2027ರ ಫೆಬ್ರವರಿಯಿಂದ ಮೇ ತಿಂಗಳ ನಡುವೆ. ನಾನು ಕಾಗದದ ಮೇಲೆ ಗೆರೆ ಎಳೆದಿದ್ದು ಅಲ್ಲಿಗೆ.

ಅವಳ ಮುಂದಿದ್ದ ಪ್ರಶ್ನೆ ಮಾತ್ರ ಅಷ್ಟು ದೂರದ್ದಲ್ಲ. ಕಳೆದ ಯುಗಾದಿಯ ಹೊತ್ತಿಗೆ ಅಂಕೋಲಾ ಕಡೆ ಸಮುದ್ರಕ್ಕೆ ಹತ್ತಿರದ ಒಂದು ಹಳೇ ಚಿರೇಕಲ್ಲಿನ ಮನೆ ಮಾರಾಟಕ್ಕೆ ಬಂದಿತ್ತು. "ಅಣ್ಣಾ, ಒಂದು ವಾರದೊಳಗೆ ಮುಂಗಡ ಕೊಡದಿದ್ರೆ ಬೇರೆಯವರಿಗೆ ಹೋಗ್ತದಂತೆ" ಅಂದಳು. ಕೈಯಲ್ಲಿದ್ದ ಉಳಿತಾಯ ಎಲ್ಲಾ ಆ ಮುಂಗಡಕ್ಕೇ ಹೋಗುತ್ತಿತ್ತು. ಆಗ ಗೋಚಾರದ ಶನಿ ಅವಳ ಜನ್ಮಕುಜನ ಹತ್ತಿರಕ್ಕೆ ಬಂದಿದ್ದ. ಕುಜ "ಈಗಲೇ" ಅಂತಾನೆ, ಶನಿ "ಕಾಗದ ತೋರಿಸು" ಅಂತಾನೆ. ಇಂಥ ಹೊತ್ತಲ್ಲಿ ಶನಿಯ ಮಾತು ಕೇಳಬೇಕು ಅನ್ನೋದು ನನ್ನ ಅಭ್ಯಾಸ. "ತಂಗಿ, ಬೇಡ ಅಂತ ಹೇಳೋದಿಲ್ಲ. ಮೊದಲು ಶನಿ ಕೇಳಿದ್ದನ್ನು ಕೊಡು" ಅಂದೆ.

ಶನಿ ಕೇಳಿದ್ದು ಮೂರು. ಮೊದಲನೆಯದು ಹೆಸರು. ಪಹಣಿಯಲ್ಲಿ ಮೂವರ ಹೆಸರಿತ್ತು, ಮಾರಲು ಬಂದವರು ಒಬ್ಬರೇ. ಪಾಲು ಆಗದೆ, ಉಳಿದವರ ಸಹಿ ಇಲ್ಲದೆ ಅಂಥ ಮನೆ ಪೂರ್ತಿ ಕೈಗೆ ಬರೋದಿಲ್ಲ. ಜತೆಗೆ ಋಣಭಾರ ಪತ್ರ, ಪಂಚಾಯತಿ ಮನೆಯಾದರೆ ಇ-ಸ್ವತ್ತುವಿನ ನಮೂನೆ 9 ಮತ್ತು 11 ಬೇಕು. ಎರಡನೆಯದು ಕಡಲು. ಭರತದ ಗೆರೆಯಿಂದ 500 ಮೀಟರ್ ಒಳಗಿನ ಜಾಗ ಕರಾವಳಿ ನಿಯಂತ್ರಣ ವಲಯಕ್ಕೆ ಸೇರುತ್ತೆ. ಹಳೇ ಮನೆ ಕೊಂಡು ಕೆಡವಿ ಹೊಸದು ಕಟ್ಟುವ ಕನಸಿದ್ದರೆ, ಅನುಮತಿ ಸಿಗುತ್ತಾ ಅಂತ ಕೊಳ್ಳುವ ಮೊದಲೇ ಕೇಳಬೇಕು. ಮೂರನೆಯದು ಕಂತು. 30 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ ಸುಮಾರು 26,000 ರೂಪಾಯಿ. ಅವಳ ಬಾಡಿಗೆ 11,000. ಮಧ್ಯದ 15,000ವನ್ನು ಸಾಲ ಸಿಕ್ಕಿದೆ ಅಂದುಕೊಂಡೇ ಆರು ತಿಂಗಳು ಆರ್.ಡಿ. ಕಟ್ಟಲಿಕ್ಕೆ ಹೇಳಿದೆ. ಒಂದು ಕಂತೂ ತಪ್ಪದಿದ್ದರೆ ಎರಡನೇ ಮನೆಯ ಶನಿ ಬಲವಾಗಿದ್ದಾನೆ ಅಂತ ಜಾತಕ ಬಿಡಿಸದೆಯೂ ಹೇಳಬಹುದು. ಕೈಯಲ್ಲಿ 90,000 ಕೂಡ ಉಳಿಯುತ್ತೆ.

ಆ ಮನೆ ಕೈತಪ್ಪಿತು. ಅವಳಿಗೆ ಬೇಸರ ಆಯ್ತು, ಆದರೆ ಮುಂಗಡದ ಹಣ ಅವಳ ಖಾತೆಯಲ್ಲೇ ಇದೆ.

ಈ ಲೆಕ್ಕ ಎಲ್ಲಿ ತಪ್ಪುತ್ತೆ ಅನ್ನೋದೂ ಗೊತ್ತಿರಲಿ. ದಶೆಯ ಲೆಕ್ಕ ನಿಂತಿರೋದು ಹುಟ್ಟಿದ ಗಳಿಗೆಯ ಚಂದ್ರನ ಮೇಲೆ. ಹಸ್ತಾ ನಕ್ಷತ್ರದಲ್ಲಿ ಹುಟ್ಟಿದ ವೇಳೆ ಒಂದು ಗಂಟೆ ಆಚೀಚೆ ಆದರೆ ದಶೆ ಸುಮಾರು ಐದು ತಿಂಗಳು ಸರಿಯುತ್ತೆ, ಕೆಲವೊಮ್ಮೆ ಲಗ್ನವೇ ಬದಲಾಗುತ್ತೆ. ಅದಕ್ಕೇ ಮುಂದಿನದು ಹೇಳುವ ಮೊದಲು ಹಿಂದಿನದು ಕೇಳ್ತೇನೆ. ಇವಳ ಕುಜ ದಶೆ ಶುರುವಾಗಿದ್ದು 2002ರ ಕೊನೆಗೆ. "ಆಗ ಮನೆ ಬದಲಾಗಿತ್ತಾ?" ಅಂದೆ. ಮರುವರ್ಷವೇ ಅಪ್ಪನಿಗೆ ವರ್ಗವಾಗಿ ಅಂಕೋಲಾ ಬಿಟ್ಟು ಕಾರವಾರಕ್ಕೆ ಬಂದಿದ್ದರಂತೆ. ವೇಳೆ ಸರಿ ಇರಬಹುದು ಅನ್ನಿಸಿದ್ದು ಆಮೇಲೆ. ಇನ್ನೊಂದು ಮಾತು, ಟಿವಿ ಮತ್ತು ಆ್ಯಪ್‌ಗಳ ಗೋಚಾರ ಫಲ ಸಾಮಾನ್ಯವಾಗಿ ಚಂದ್ರ ರಾಶಿಯಿಂದ ಹೇಳಿದ್ದು. ಅದೇ ಶನಿ ಇವಳ ಲಗ್ನದಿಂದ ನಾಲ್ಕು, ರಾಶಿಯಿಂದ ಏಳು. ಎರಡನ್ನೂ ಕಲಸಿದರೆ ಭಯ ಮಾತ್ರ ಹೆಚ್ಚುತ್ತೆ.

ದೊಡ್ಡ ಮಿತಿ ಬೇರೆಯೇ ಇದೆ, ಅದನ್ನು ಕಾರವಾರ, ಅಂಕೋಲಾದವರಿಗೆ ಬಿಡಿಸಿ ಹೇಳಬೇಕಿಲ್ಲ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಈ ಎರಡೂ ತಾಲೂಕಿನ ಸಾವಿರಾರು ಕುಟುಂಬ ಮನೆ ಬಿಟ್ಟವು. ಅಷ್ಟೂ ಜನರ ನಾಲ್ಕನೇ ಭಾವ ಒಂದೇ ಸಲ ಕೆಟ್ಟಿತ್ತು ಅನ್ನಲಿಕ್ಕಾಗದು. ನಾಡಿನ ಫಲಕ್ಕೆ ವರಾಹಮಿಹಿರ ಬೃಹತ್ಸಂಹಿತೆಯನ್ನೇ ಬೇರೆ ಬರೆದ, ಒಬ್ಬರ ಜಾತಕದ ಪಾಠ ಬೃಹಜ್ಜಾತಕದಲ್ಲಿದೆ. ಹಾಗಾಗಿ ಕೊಳ್ಳುವ ಜಾಗದ ಸುತ್ತ ಭೂಸ್ವಾಧೀನದ ಸುದ್ದಿ ಇದೆಯಾ ಅಂತ ಜಾತಕದಲ್ಲಿ ಹುಡುಕಬೇಡಿ. ಅದನ್ನು ತಾಲೂಕು ಕಚೇರಿಯಲ್ಲಿ ಕೇಳಿ.

ನಿಮ್ಮದನ್ನು ನೋಡಿಕೊಳ್ಳುವುದಾದರೆ ಲಗ್ನದಿಂದ ನಾಲ್ಕನೇ ರಾಶಿ, ಅದರ ಅಧಿಪತಿ, ಕುಜ ಈ ಮೂರನ್ನು ಮೊದಲು ಗುರುತಿಸಿ. ಇವುಗಳ ದಶೆಯೋ ಭುಕ್ತಿಯೋ ಯಾವ ವರ್ಷ ಅಂತ ಬರೆದಿಡಿ. ಆ ವರ್ಷದಲ್ಲಿ ಶನಿ ನಾಲ್ಕನೇ ಮನೆಯಲ್ಲಿದ್ದರೆ ಅಥವಾ ಅದನ್ನು ನೋಡುತ್ತಿದ್ದರೆ ಹೆದರಬೇಡಿ, ಕಾಗದಕ್ಕೆ ಮೂರು ತಿಂಗಳು ಹೆಚ್ಚು ಇಟ್ಟುಕೊಳ್ಳಿ. ಅವಳೂ ಈಗ ಅದನ್ನೇ ಮಾಡ್ತಿದ್ದಾಳೆ. ಹುಡುಕಾಟ ನಡೆದಿದೆ, ಆರ್.ಡಿ. ಕಂತು ತಪ್ಪಿಲ್ಲ. ಮುಂದಿನ ಮನೆಯ ಪಹಣಿಯಲ್ಲಿ ಎಷ್ಟು ಹೆಸರಿದೆ ಅಂತ ಮೊದಲ ದಿನವೇ ಕೇಳ್ತಾಳಂತೆ.