ಒಂದು ರಾತ್ರಿ, ಮೂರು ಜಾವ, ತೊಂಬತ್ತು ಸೆಕೆಂಡು

ವೈಶಾಖ ಹುಣ್ಣಿಮೆಗೆಂದು ತಯಾರಾಗುವ ಕಿರು ವಿಡಿಯೊಗಳು ಸಾಮಾನ್ಯವಾಗಿ ಬುದ್ಧನ ಹುಟ್ಟು, ಜ್ಞಾನೋದಯ, ಪರಿನಿರ್ವಾಣ ಮೂರನ್ನೂ ಒಂದೂವರೆ ನಿಮಿಷಕ್ಕೆ ತುಂಬಲು ಹೋಗಿ ಏದುಸಿರು ಬಿಡುತ್ತವೆ. ಜ್ಞಾನೋದಯದ ರಾತ್ರಿಯೊಂದನ್ನೇ ಎತ್ತಿಕೊಂಡರೆ ಕಥೆಗೆ ಬೇಕಾದ ಕಟ್ಟು ಅದರಲ್ಲೇ ಸಿಗುತ್ತದೆ. ಬೌದ್ಧ ಗ್ರಂಥಗಳು ಆ ರಾತ್ರಿಯನ್ನು ಮೂರು ಜಾವಗಳಾಗಿ ಹೇಳುತ್ತವೆ: ಮೊದಲನೆಯದರಲ್ಲಿ ಹಿಂದಿನ ಜನ್ಮಗಳ ನೆನಪು, ಎರಡನೆಯದರಲ್ಲಿ ಜೀವಿಗಳು ಕರ್ಮಕ್ಕೆ ತಕ್ಕಂತೆ ಹುಟ್ಟಿ ಸಾಯುವುದರ ಅರಿವು, ಕೊನೆಯದರಲ್ಲಿ ದುಃಖದ ಬೇರು ಕಳಚಿದ ಜ್ಞಾನ.

ಜಾವ ಸರಿಯುವುದನ್ನು ತೋರಿಸಲು ಚಂದ್ರನೊಬ್ಬನೇ ಸಾಕು. ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ ಮೂಡಿ, ನಡುರಾತ್ರಿ ದಕ್ಷಿಣದ ಆಕಾಶ ದಾಟಿ, ಬೆಳಗಾಗುವಾಗ ಪಡುವಣಕ್ಕಿಳಿಯುತ್ತಾನೆ. ಆದ್ದರಿಂದ ದೃಶ್ಯವನ್ನು ದಕ್ಷಿಣಕ್ಕೆ ಮುಖ ಮಾಡಿ ನೋಡಿದಂತೆ ಬರೆದರೆ ಚಂದ್ರ ಎಡದಿಂದ ಬಲಕ್ಕೆ ಸಾಗುತ್ತಾನೆ. ಕೊನೆಯಲ್ಲಿ ಎಡಗಡೆ ಬೆಳ್ಳಗಾಗುತ್ತದೆ. ಚಿತ್ರ ಒಂದೇ, ಕದಲುವುದು ಚಂದ್ರ ಮತ್ತು ಬೆಳಕು ಮಾತ್ರ. ಅಂದು ಆಕಾಶದಲ್ಲಿ ಬಿದಿಗೆಯ ಚಂದ್ರನನ್ನು ಕೂರಿಸಿದರೆ ಇಡೀ ವಿಡಿಯೊ ಸುಳ್ಳಾಗುತ್ತದೆ. ಇಂಥವು ಪ್ರತಿ ವರ್ಷ ಕಣ್ಣಿಗೆ ಬೀಳುತ್ತವೆ.

ಒಂದು ತೊಡಕಿದೆ. ಬುದ್ಧ ಪೂರ್ವಕ್ಕೆ ಮುಖ ಮಾಡಿ ಕುಳಿತಿದ್ದನೆಂಬುದು ಪರಂಪರೆ. ಈ ಕೋನದಿಂದ ಅವನ ಎಡಮಗ್ಗುಲು ಕಾಣುತ್ತದೆ, ನೆಲ ಮುಟ್ಟುವ ಬಲಗೈ ಮರೆಯಾಗುತ್ತದೆ. ಅದಕ್ಕೆ ಹಳೆಯ ಶಿಲ್ಪಿಗಳ ದಾರಿಯೇ ಸುಲಭ. ಸಾಂಚಿ, ಭಾರಹುತಗಳಲ್ಲಿ ಬುದ್ಧನನ್ನು ಕೆತ್ತದೆ ಮರ ಮತ್ತು ಅದರಡಿಯ ಬರಿದಾದ ಪೀಠದಿಂದಲೇ ಸೂಚಿಸಿದ್ದಾರೆ. ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪದ ಕಲ್ಲುಗಳಲ್ಲೂ ಬೋಧಿವೃಕ್ಷದ ಪೂಜೆ ಕಾಣಸಿಗುತ್ತದೆ. ಮರ ಮಾತ್ರ ಅರಳಿಯೇ ಆಗಿರಬೇಕು: ಹೃದಯದಾಕಾರದ ಎಲೆ, ತುದಿಯಲ್ಲಿ ಉದ್ದನೆಯ ಬಾಲ. ಬಿಳಲು ಇಳಿಬಿಟ್ಟರೆ ಅದು ಆಲದ ಮರ. ಜಿಂಕೆ, ಧರ್ಮಚಕ್ರಗಳೂ ಇಲ್ಲಿ ಸಲ್ಲವು. ಅವು ಸಾರನಾಥದ ಮೊದಲ ಉಪದೇಶಕ್ಕೆ ಸೇರಿದವು.

ನಿರೂಪಣೆಗೆ ತೊಂಬತ್ತು ಸೆಕೆಂಡಿಗೆ ನೂರು ಪದ ಹೆಚ್ಚೇ ಆಯಿತು. ಆರಂಭಕ್ಕೆ ಹದಿನೈದು ಸೆಕೆಂಡು: ನಿರಂಜನಾ ನದಿಯ ದಂಡೆ, ಸುಜಾತೆ ಕೊಟ್ಟ ಪಾಯಸ. ಆಮೇಲೆ ಜಾವಕ್ಕೆ ಇಪ್ಪತ್ತರಂತೆ ಮೂರು, ಪ್ರತಿಯೊಂದಕ್ಕೂ ಎರಡು ಮೂರು ಚಿಕ್ಕ ವಾಕ್ಯ. ಉಳಿದ ಹದಿನೈದು ಸೆಕೆಂಡು ಮಾತಿಲ್ಲದ ಬೆಳಗಿಗೆ. ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡಿದಾಗ ವಾಕ್ಯದ ನಡುವೆ ಉಸಿರು ಎಳೆಯಬೇಕಾಗಿ ಬಂದರೆ ಆ ವಾಕ್ಯವನ್ನು ಎರಡು ಮಾಡಬೇಕು. ಹಿನ್ನೆಲೆಗೆ ಕೊಳಲಿಗಿಂತ ಅರಳಿ ಎಲೆಗಳ ಸದ್ದು ಚೆನ್ನ. ಸಣ್ಣ ಗಾಳಿಗೂ ಅವು ಅಲುಗುವುದರಿಂದ ಯಾವ ಊರಿನ ಅರಳಿಕಟ್ಟೆಯಲ್ಲಾದರೂ ಮೊಬೈಲಿನಲ್ಲೇ ಅದನ್ನು ಹಿಡಿಯಬಹುದು. ದನಿಯನ್ನು ಮಾತ್ರ ಅಲ್ಲಿ ಧ್ವನಿಮುದ್ರಿಸದೆ, ಬಾಗಿಲು ಮುಚ್ಚಿ ಫ್ಯಾನು ನಿಲ್ಲಿಸಿದ ಕೋಣೆಯಲ್ಲಿ ಬೇರೆಯಾಗಿ ತೆಗೆದುಕೊಂಡು ಆಮೇಲೆ ಜೋಡಿಸಬೇಕು.