ಕಿವಿಗಾಗಿ ಬರೆದ ಧಾರಣೆ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಟೆಂಡರ್ ನಡೆಯುವುದು ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ. ಹಾವೇರಿ, ಗದಗ, ಧಾರವಾಡ ಕಡೆಯ ಬೆಳೆಗಾರರು ಬುಧವಾರ ಸಂಜೆ ರೇಡಿಯೊದಲ್ಲಿ ಧಾರಣೆ ಮತ್ತು ಹವಾಮಾನ ಕೇಳುವಾಗ ಅವರ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ. ಕಣದಲ್ಲಿರುವ ಕಾಯಿಯನ್ನು ಇವತ್ತು ರಾತ್ರಿಯೇ ಚೀಲಕ್ಕೆ ತುಂಬಿ ಗಾಡಿ ಹತ್ತಿಸಬೇಕೋ, ಸೋಮವಾರದವರೆಗೆ ತಡೆಯಬೇಕೋ? ಅದಕ್ಕೆ ಉತ್ತರ ಆ ಐದು ನಿಮಿಷದಲ್ಲಿ ಸಿಗಬೇಕು. ಕೇಳುವವರ ಕೈಯಲ್ಲಿ ಪೆನ್ನು ಇರುವುದಿಲ್ಲ. ಒಬ್ಬರು ಹಾಲು ಕರೆಯುತ್ತಿರುತ್ತಾರೆ, ಇನ್ನೊಬ್ಬರು ತೊಟ್ಟು ಮುರಿಯುತ್ತಿರುತ್ತಾರೆ. ಒಂದು ಅಂಕಿ ತಪ್ಪಿತೆಂದರೆ ಹಿಂದಕ್ಕೆ ಹೋಗಿ ಕೇಳಲು ಬರುವುದಿಲ್ಲ.

ಧಾರಣೆಯ ಮೂಲ ಎಪಿಎಂಸಿಯ ದಿನದ ಪಟ್ಟಿ. ಅದರಲ್ಲಿ ಪ್ರತಿ ತಳಿಯ ಮುಂದೆ ಆವಕ ಎಷ್ಟು, ಕನಿಷ್ಠ ದರ ಎಷ್ಟು, ಗರಿಷ್ಠ ಎಷ್ಟು, ಮಾದರಿ ದರ ಎಷ್ಟು ಎಂದು ಸಾಲಾಗಿ ಇರುತ್ತದೆ. ಕಣ್ಣಿಗೆ ಇದು ಒಳ್ಳೆಯ ಏರ್ಪಾಡು, ಬೇಕಾದ ಸಾಲಿಗೆ ನೇರವಾಗಿ ಹೋಗಿ ನೋಡಬಹುದು. ಅದನ್ನೇ ಇದ್ದಂತೆ ಓದಿದರೆ ಹೇಗಿರುತ್ತದೆ? ಇಲ್ಲಿನ ಅಂಕಿಗಳು ಉದಾಹರಣೆಗಾಗಿ ಹಿಡಿದವು:

«ಬ್ಯಾಡಗಿ ಎಪಿಎಂಸಿ. ಡಬ್ಬಿ ಕನಿಷ್ಠ 4,009, ಗರಿಷ್ಠ 41,209, ಮಾದರಿ 28,509. ಕಡ್ಡಿ ಕನಿಷ್ಠ 2,509, ಗರಿಷ್ಠ 35,109, ಮಾದರಿ 24,009. ಗುಂಟೂರು ಕನಿಷ್ಠ 1,509, ಗರಿಷ್ಠ 17,509, ಮಾದರಿ 12,209.»

ಅರ್ಧ ನಿಮಿಷದಲ್ಲಿ ಒಂಬತ್ತು ಅಂಕಿ. ಗುಂಟೂರು ಬರುವ ಹೊತ್ತಿಗೆ ಡಬ್ಬಿಯದು ಮರೆತಿರುತ್ತದೆ. ಮರೆತರೆ ಅಷ್ಟೇ ಎನ್ನಬಹುದಿತ್ತು, ಆದರೆ ಒಂದು ಅಂಕಿ ಮಾತ್ರ ಉಳಿದುಬಿಡುತ್ತದೆ: ಎಲ್ಲಕ್ಕಿಂತ ದೊಡ್ಡದು. ‘ಬ್ಯಾಡಗ್ಯಾಗ ಕಾಯಿ ನಲವತ್ತೊಂದು ಸಾವಿರ ಆಗೇತಂತ’ ಎಂಬ ಸುದ್ದಿ ರಾತ್ರಿಯೊಳಗೆ ಊರು ಸುತ್ತುತ್ತದೆ. ಯಾವ ಕಾಯಿ, ಎಷ್ಟು ಚೀಲ ಎಂಬುದು ಅಲ್ಲಿಗೆ ಬಿಟ್ಟುಹೋಗಿರುತ್ತದೆ.

ಗರಿಷ್ಠ ದರ ಯಾಕೆ ಇಷ್ಟು ದಾರಿ ತಪ್ಪಿಸುತ್ತದೆ ಎಂದರೆ, ಬ್ಯಾಡಗಿಯಲ್ಲಿ ಪ್ರತಿ ರೈತನ ಮಾಲಿಗೂ ಬೇರೆ ಬೇರೆ ಲಾಟ್. ವರ್ತಕರು ಒಂದೊಂದು ಲಾಟ್ ನೋಡಿ ಅದಕ್ಕೆ ದರ ಹಾಕುತ್ತಾರೆ. ಚೆನ್ನಾಗಿ ಒಣಗಿ, ಕಡುಗೆಂಪು ಬಣ್ಣ ಹಿಡಿದ ನಾಲ್ಕೈದು ಚೀಲದ ಲಾಟ್‌ಗೆ ಸಿಕ್ಕ ದರವೂ ಆ ದಿನದ ಗರಿಷ್ಠವೇ. ಮಾದರಿ ದರ ಎಂದರೆ ಆ ದಿನ ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಆ ದರ. ಕೂಡಿಸಿ ಭಾಗಿಸಿದ ಸರಾಸರಿ ಅಲ್ಲ. ಸಾಧಾರಣ ಗುಣಮಟ್ಟದ ಹತ್ತು ಚೀಲ ಇಟ್ಟುಕೊಂಡವನು ತನಗೆ ಎಷ್ಟು ಸಿಗಬಹುದೆಂದು ಅಂದಾಜು ಮಾಡಲು ಅದೇ ಆಧಾರ. ಈ ಅಂದಾಜು ತಪ್ಪಿದರೆ ಏನಾಗುತ್ತದೆ ಎಂಬುದು ಸಣ್ಣ ಮಾತಲ್ಲ. 2024ರ ಮಾರ್ಚ್‌ನಲ್ಲಿ ದರ ಒಮ್ಮೆಲೇ ಬಿತ್ತೆಂದು ಸಿಟ್ಟಿಗೆದ್ದ ರೈತರು ಇದೇ ಬ್ಯಾಡಗಿಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದ್ದರು. ಅದಕ್ಕೆ ರೇಡಿಯೊ ಕಾರಣ ಎಂದು ನಾನು ಹೇಳುತ್ತಿಲ್ಲ. ಮನೆ ಬಿಡುವಾಗ ಮನಸ್ಸಿನಲ್ಲಿದ್ದ ದರಕ್ಕೂ ಅಂಗಡಿ ಮುಂದೆ ಕೇಳಿದ ದರಕ್ಕೂ ಇರುವ ಅಂತರ ಎಷ್ಟು ಉರಿಯುತ್ತದೆ ಎಂಬುದಕ್ಕೆ ಹೇಳಿದೆ.

ಆದ್ದರಿಂದ ಕಿವಿಗೆ ಬರೆಯುವವರು ಮೊದಲು ಮಾಡಬೇಕಾದ ಕೆಲಸ ಬಿಡುವುದು. ಒಂಬತ್ತರಲ್ಲಿ ಮೂರು ಅಂಕಿ ಉಳಿಸಿಕೊಳ್ಳಿ, ಆ ಮೂರೂ ಮಾದರಿ ದರವೇ ಆಗಿರಲಿ. 28,509ರ ಕೊನೆಯ ಒಂಬತ್ತು ರೂಪಾಯಿ ಬಿಟ್ಟರೆ ಯಾರಿಗೂ ನಷ್ಟವಿಲ್ಲ, ಆದರೆ ಕೇಳುವವರ ನೆನಪಿನ ಹೊರೆ ಅರ್ಧ ಇಳಿಯುತ್ತದೆ. ಉಳಿದದ್ದು ಕ್ರಮ. ತಳಿಯ ಹೆಸರು ಮೊದಲು ಬರಬೇಕು, ಅಂಕಿ ಕೊನೆಗೆ. ಡಬ್ಬಿ ಬೆಳೆದವನು ‘ಡಬ್ಬಿ’ ಎಂದು ಕೇಳಿದ ಮೇಲೇ ಕಿವಿ ಕೊಡುವುದು. ಹೆಸರಿಗಿಂತ ಮೊದಲೇ ಅಂಕಿ ಬಂದುಹೋದರೆ ಅದು ಅವನ ಪಾಲಿಗೆ ಬಂದೇ ಇಲ್ಲ. ಯಾವ ದಿನದ ದರ, ಎಷ್ಟು ತೂಕಕ್ಕೆ ಎಂಬುದನ್ನು ಆರಂಭದಲ್ಲಿ ಒಮ್ಮೆ ಸ್ಪಷ್ಟವಾಗಿ ಹೇಳಿಬಿಡಬೇಕು. ಅದೇ ಪಟ್ಟಿ ಈಗ ಹೀಗಾಗುತ್ತದೆ:

«ಬ್ಯಾಡಗಿ ಮಾರುಕಟ್ಟೆಯ ಒಣ ಮೆಣಸಿನಕಾಯಿ ಧಾರಣೆ. ಮೊನ್ನೆ ಸೋಮವಾರ ನಡೆದ ಟೆಂಡರಿನ ದರ ಇದು. ಎಲ್ಲವೂ ಒಂದು ಕ್ವಿಂಟಾಲಿಗೆ.

ಮೊದಲು ಕಡ್ಡಿ ಕಾಯಿ. ಹೆಚ್ಚಿನ ಮಾಲು ಮಾರಾಟವಾದದ್ದು ಇಪ್ಪತ್ನಾಲ್ಕು ಸಾವಿರ ರೂಪಾಯಿಗೆ. ಕಳೆದ ಗುರುವಾರಕ್ಕಿಂತ ಒಂದು ಸಾವಿರ ಕಡಿಮೆ.

ಇನ್ನು ಡಬ್ಬಿ ಕಾಯಿ. ಹೆಚ್ಚಿನ ಮಾಲು ಹೋದದ್ದು ಇಪ್ಪತ್ತೆಂಟೂವರೆ ಸಾವಿರಕ್ಕೆ. ಗುರುವಾರ ಇದ್ದಷ್ಟೇ ಇದೆ.

ಕೊನೆಗೆ ಗುಂಟೂರು ಕಾಯಿ. ಹನ್ನೆರಡು ಸಾವಿರದ ಇನ್ನೂರು. ಇದೂ ಸ್ವಲ್ಪ ಇಳಿದಿದೆ.

ಇನ್ನೊಮ್ಮೆ ಕೇಳಿ. ಕಡ್ಡಿ, ಇಪ್ಪತ್ನಾಲ್ಕು ಸಾವಿರ. ಡಬ್ಬಿ, ಇಪ್ಪತ್ತೆಂಟೂವರೆ ಸಾವಿರ. ಗುಂಟೂರು, ಹನ್ನೆರಡು ಸಾವಿರದ ಇನ್ನೂರು.»

ಎರಡನೆಯ ಸಲ ಓದುವಾಗಲೂ ಕ್ರಮ ಬದಲಾಗಿಲ್ಲ, ಪದಗಳೂ ಬದಲಾಗಿಲ್ಲ ಎಂಬುದನ್ನು ಗಮನಿಸಿ. ಬರವಣಿಗೆಯಲ್ಲಿ ಒಂದೇ ಮಾತನ್ನು ಬೇರೆ ಬೇರೆ ರೀತಿ ಹೇಳುವುದು ಚೆಂದ. ಇಲ್ಲಿ ಹಾಗೆ ಮಾಡಿದರೆ ಇದು ಹೊಸ ದರವೋ ಮೊದಲಿನದೋ ಎಂದು ಕೇಳುವವರು ಗೊಂದಲಕ್ಕೆ ಬೀಳುತ್ತಾರೆ. ಇನ್ನು ಗರಿಷ್ಠ ದರವನ್ನು ಹೇಳಲೇಬೇಕೆಂದಿದ್ದರೆ ಅದು ಎಷ್ಟು ಚೀಲಕ್ಕೆ ಸಿಕ್ಕಿತು ಎಂದು ಮಾರುಕಟ್ಟೆಯಲ್ಲಿ ವಿಚಾರಿಸಿಕೊಂಡು, ‘ಕೆಲವೇ ಚೀಲಕ್ಕೆ ಮಾತ್ರ ನಲವತ್ತೊಂದು ಸಾವಿರ ಸಿಕ್ಕಿದೆ’ ಎಂದು ಹೇಳಬೇಕು. ವಿಚಾರಿಸಲು ಆಗದಿದ್ದರೆ ಬಿಡುವುದೇ ಒಳ್ಳೆಯದು.

ಓದುವವರ ಹಾಳೆಯಲ್ಲಿ ದರಗಳನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆಯುವುದು ಸುಮ್ಮನೆ ಅಲ್ಲ. 12,209 ಎಂದು ಕಂಡಾಗ ಓದುವ ನಾಲಿಗೆ ಒಂದು ಕ್ಷಣ ತಡವರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಕನ್ನಡದ ಕೆಲವು ಸಂಖ್ಯೆಗಳು ಮಧ್ಯಮ ತರಂಗದ ಗರಗರ ಸದ್ದಿನಲ್ಲಿ ಒಂದರಂತೆ ಇನ್ನೊಂದು ಕೇಳುತ್ತವೆ. ‘ಎಪ್ಪತ್ತು’ ಮತ್ತು ‘ಎಂಬತ್ತು’ ಹಾಗೆ. ‘ಸಾವಿರದ ಐವತ್ತು’ ಮತ್ತು ‘ಸಾವಿರದ ಐನೂರು’ ಇನ್ನೂ ಕಷ್ಟ, ಅಲ್ಲಿ ತಪ್ಪಿದರೆ ಕ್ವಿಂಟಾಲಿಗೆ ನಾನೂರೈವತ್ತು ರೂಪಾಯಿ ವ್ಯತ್ಯಾಸ. ‘ಹದಿನೈದು ನೂರು’ ಎಂದು ಹೇಳುವ ರೂಢಿ ಇರುವಲ್ಲಿ ಹಾಗೆಯೇ ಹೇಳಬಹುದು, ‘ಒಂದೂವರೆ ಸಾವಿರ’ ಎಂದರೆ ಇನ್ನೂ ಒಳ್ಳೆಯದು. ಸಂತೆಯಲ್ಲಿ ಜನ ಹೇಳುವುದೂ ಹಾಗೆಯೇ, ಹಾಗಾಗಿ ಅದು ಕಿವಿಯಲ್ಲಿ ನಿಲ್ಲುತ್ತದೆ.

ಹವಾಮಾನದ ಕಡೆಗೆ ಬಂದರೆ ತೊಂದರೆ ಬೇರೆ ರೀತಿಯದು. ಅಲ್ಲಿ ಅಂಕಿ ಕಡಿಮೆ, ಆದರೆ ಇಲಾಖೆಯ ಮಾತಿಗೆ ಒಂದು ಅರ್ಥ, ಕೇಳುವವರ ಮನಸ್ಸಿಗೆ ಬರುವ ಅರ್ಥ ಇನ್ನೊಂದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 2.5 ಮಿಲಿಮೀಟರಿನಿಂದ 15.5 ಮಿಲಿಮೀಟರಿನವರೆಗೆ ಬಿದ್ದರೆ ಅದು ಹಗುರ ಮಳೆ. ಹೊಲದಲ್ಲಿ ನಿಂತ ಪೈರಿಗೆ ಅದು ನಿಜವಾಗಿಯೂ ಹಗುರವೇ. ಆದರೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಕಣದ ಮೇಲೆ ಐದು ಮಿಲಿಮೀಟರ್ ಬಿದ್ದರೆ, ಹರವಿದ ಕಾಯಿಯ ಮೇಲೆ ಐನೂರು ಲೀಟರ್ ನೀರು ಸುರಿದಂತೆ. ಒಣಗುತ್ತಿದ್ದ ಕಾಯಿ ತೊಯ್ದರೆ ಬಣ್ಣ ಕೆಡುತ್ತದೆ, ಬೂಷ್ಟು ಹಿಡಿಯುತ್ತದೆ, ಟೆಂಡರಿನಲ್ಲಿ ದರ ಬೀಳುತ್ತದೆ. ಆದ್ದರಿಂದ ಫೆಬ್ರವರಿ, ಮಾರ್ಚ್‌ನಲ್ಲಿ ‘ಹಗುರ ಮಳೆ’ ಎಂದಷ್ಟೇ ಓದಿ ಮುಂದೆ ಹೋಗುವುದು ಬೆಳೆಗಾರರಿಗೆ ಮಾಡುವ ಅನ್ಯಾಯ. ಕಾಯಿ ತೊಯ್ಯುವಷ್ಟು ಮಳೆ ಎಂದೇ ಹೇಳಬೇಕು.

‘ಒಂದೆರಡು ಕಡೆ’ ಎಂಬ ಮಾತೂ ಹೀಗೆಯೇ. ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನಾಲ್ಕರಲ್ಲಿ ಒಂದು ಪಾಲಿನವರೆಗೆ ಮಳೆ ಬರಬಹುದು ಎಂಬುದು ಅದರ ಹಿಂದಿನ ಲೆಕ್ಕ. ಕೇಳುವವರು ಅದನ್ನು ‘ನಮ್ಮೂರಿಗಂತೂ ಇಲ್ಲ’ ಎಂದು ತಿಳಿದುಕೊಳ್ಳುತ್ತಾರೆ. ‘ಮುಂದಿನ 24 ಗಂಟೆ’ ಎಂಬುದಂತೂ ಕಿವಿಗೆ ಹೇಳಬೇಕಾದ ಮಾತೇ ಅಲ್ಲ. ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ಕ್ಕೆ ಆರಂಭವಾಗಿ ಮರುದಿನ 8.30ಕ್ಕೆ ಮುಗಿಯುತ್ತದೆ. ಸಂಜೆ ಕೇಳುವವರು ಆ ಹೊತ್ತಿನಿಂದ ಎಣಿಸುತ್ತಾರೆ. ವಾರದ ಹೆಸರು ಹೇಳಿದರೆ ಈ ತಂಟೆ ಇರುವುದಿಲ್ಲ:

«ಹಾವೇರಿ ಜಿಲ್ಲೆಯವರು ಕೇಳಿ. ನಾಳೆ ಗುರುವಾರ ಮಳೆಯ ಸೂಚನೆ ಇಲ್ಲ. ನಾಡಿದ್ದು ಶುಕ್ರವಾರ ಮಧ್ಯಾಹ್ನದ ಮೇಲೆ ಗುಡುಗಿನ ಜೊತೆ ಮಳೆ ಬರಬಹುದು. ಎಲ್ಲ ಊರಿಗೂ ಬರುವ ಮಳೆ ಅಲ್ಲ. ಆದರೆ ಬಂದ ಊರಿನಲ್ಲಿ ಕಣದ ಕಾಯಿ ತೊಯ್ಯುವಷ್ಟು ಬರಬಹುದು. ಕಾಯಿ ಹರವಿದವರು ಶುಕ್ರವಾರ ಮಧ್ಯಾಹ್ನದೊಳಗೆ ರಾಶಿ ಮಾಡಿ ತಾಡಪತ್ರಿ ಹೊದಿಸಿ.»

ಈಗ ಎರಡೂ ಭಾಗಗಳನ್ನು ಕೂಡಿಸಿ ನೋಡಿ. ಕಡ್ಡಿ ಒಂದು ಸಾವಿರ ಇಳಿದಿದೆ, ಶುಕ್ರವಾರ ಮಳೆ ಬರಬಹುದು. ಕಾಯಿ ಪೂರ್ತಿ ಒಣಗಿದ್ದರೆ ನಾಳೆಯೇ ಹೋಗುವುದು ಒಂದು ದಾರಿ. ಮುಚ್ಚಿಡಲು ಜಾಗ ಇದ್ದವರು ತಡೆಯಬಹುದು, ಅಥವಾ ಬಾಡಿಗೆ ಕೊಟ್ಟು ಬ್ಯಾಡಗಿಯ ಶೀತಲಗೃಹದಲ್ಲಿ ಇಡಬಹುದು. ತೀರ್ಮಾನ ಬೆಳೆಗಾರರದೇ. ‘ಮಾರಿ’ ಅಥವಾ ‘ಮಾರಬೇಡಿ’ ಎಂದು ರೇಡಿಯೊ ಹೇಳಬಾರದು, ನಾಳಿನ ದರ ಯಾರಿಗೂ ಗೊತ್ತಿರುವುದಿಲ್ಲ. ಆದರೆ ಮಳೆಯ ಮಾತು ಕೊನೆಗೆ ಉಳಿದರೆ ಧಾರಣೆ ಕೇಳಿ ಎದ್ದುಹೋದವರಿಗೆ ಅದು ತಲುಪುವುದೇ ಇಲ್ಲ. ಮಳೆಯ ಸೂಚನೆ ಇದ್ದ ದಿನ ಹವಾಮಾನ ಮೊದಲು, ಇಲ್ಲದ ದಿನ ಧಾರಣೆ ಮೊದಲು ಎಂದು ಇಟ್ಟುಕೊಳ್ಳುವುದು ನನ್ನ ಮಟ್ಟಿಗೆ ಸರಿ.

ಬರೆದದ್ದು ಕಿವಿಗೆ ತಲುಪುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಸುಲಭದ ದಾರಿ ಇದೆ. ಕೈಯಲ್ಲಿ ಕೆಲಸ ಇರುವ ಒಬ್ಬರ ಮುಂದೆ ಒಂದೇ ಸಲ ಓದಿ. ಹತ್ತು ನಿಮಿಷ ಬೇರೆ ಮಾತಾಡಿ, ಆಮೇಲೆ ಕೇಳಿ: ಕಡ್ಡಿ ಎಷ್ಟು, ಯಾವ ದಿನದ್ದು, ಮಳೆ ಯಾವಾಗ? ದರ ನೆನಪಿದ್ದು ದಿನ ಮರೆತಿದ್ದರೆ, ದಿನವನ್ನು ಎರಡನೆಯ ಓದಿನಲ್ಲೂ ಸೇರಿಸಬೇಕು. ಡಬ್ಬಿಯ ದರವನ್ನು ಕಡ್ಡಿಗೆ ಹೇಳಿದರೆ ಎರಡರ ನಡುವೆ ಉಸಿರಿನಷ್ಟಾದರೂ ಬಿಡುವು ಬೇಕಿತ್ತು ಎಂದರ್ಥ.

ಎಷ್ಟು ಎಚ್ಚರ ವಹಿಸಿದರೂ ಕೆಲವು ತಪ್ಪು ನುಸುಳುತ್ತವೆ. ಹೆಚ್ಚಾಗಿ ಆಗುವುದು ಹಳೆಯ ದರವನ್ನು ಇಂದಿನದೆಂಬಂತೆ ಓದುವುದು. ರಜೆಯ ದಿನ ವಹಿವಾಟು ಇರುವುದಿಲ್ಲ, ಪಟ್ಟಿಯಲ್ಲಿ ಹಿಂದಿನ ಸಾಲೇ ಉಳಿದಿರುತ್ತದೆ. ಅಂಥ ದಿನ ‘ಇಂದು ವಹಿವಾಟು ನಡೆದಿಲ್ಲ’ ಎಂದು ಹೇಳಿ ಮುಂದಕ್ಕೆ ಹೋಗಬೇಕು. ಅಂಕಿಯೇ ತಪ್ಪಾಗಿ ಪ್ರಸಾರವಾಗಿದ್ದರೆ, ತಿದ್ದುವಾಗ ತಪ್ಪು ಅಂಕಿಯನ್ನು ಮತ್ತೆ ಉಚ್ಚರಿಸಬಾರದು. ‘ಇಪ್ಪತ್ತಾರು ಎಂದು ಹೇಳಿದ್ದೆವು, ಇಪ್ಪತ್ನಾಲ್ಕು ಎಂದು ತಿದ್ದಿಕೊಳ್ಳಿ’ ಎಂದರೆ ಕೇಳುವವರ ತಲೆಯಲ್ಲಿ ಎರಡೂ ಉಳಿಯುತ್ತವೆ. ‘ಕಡ್ಡಿ ಕಾಯಿಯ ದರವನ್ನು ನಿನ್ನೆ ತಪ್ಪಾಗಿ ಹೇಳಿದ್ದೆವು. ಸರಿಯಾದ ದರ ಇಪ್ಪತ್ನಾಲ್ಕು ಸಾವಿರ’ ಎಂದು ಹೇಳಿ, ಅದೊಂದನ್ನೇ ಇನ್ನೊಮ್ಮೆ ಓದಬೇಕು. ಮರುದಿನ ಅದೇ ಹೊತ್ತಿಗೆ, ಬೇರೆ ಯಾವ ಧಾರಣೆಗೂ ಮೊದಲು.