ಗುಲಾಬಿ ಬಣ್ಣದಿಂದ 124ರವರೆಗೆ

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಬಂದವರ ಕೈಗೆ ಮಧ್ಯಾಹ್ನ ರಿಪೋರ್ಟ್ ಸಿಗುತ್ತದೆ. ಅದರಲ್ಲಿ ‘ಫಾಸ್ಟಿಂಗ್ ಶುಗರ್ 124’ ಎಂದಿದೆ ಎನ್ನಿ. ಒಂದು ಡೆಸಿಲೀಟರ್, ಅಂದರೆ ನೂರು ಮಿಲಿಲೀಟರ್ ರಕ್ತದ ದ್ರವದಲ್ಲಿ 124 ಮಿಲಿಗ್ರಾಂ ಗ್ಲೂಕೋಸ್ ಇದೆ ಎಂದು ಅದರ ಅರ್ಥ. ಆದರೆ ಆ ಲ್ಯಾಬಿನ ಯಂತ್ರ ಗ್ಲೂಕೋಸನ್ನು ಕಂಡೇ ಇಲ್ಲ. ಗ್ಲೂಕೋಸ್ ನೀರಿನಲ್ಲಿ ಕರಗಿದರೆ ಬಣ್ಣವಿಲ್ಲ, ಅದರೊಳಗೆ ಹಾಯುವ ಬೆಳಕಿಗೆ ಅಡ್ಡಿಯೂ ಇಲ್ಲ. ಯಂತ್ರ ಕಂಡದ್ದು ಒಂದು ಗುಲಾಬಿ ಬಣ್ಣವನ್ನು, ಅದನ್ನೂ ಎರಡು ಬೇರೆ ದ್ರವಗಳ ಜೊತೆ ಹೋಲಿಸಿ. 124 ಎನ್ನುವುದು ಆ ಹೋಲಿಕೆಯ ಫಲ.

ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರಿನ ದಾರಿ ಬೇರೆ. ಅವುಗಳಲ್ಲಿ ಹೆಚ್ಚಿನವು ಸಣ್ಣ ವಿದ್ಯುತ್ ಪ್ರವಾಹವನ್ನು ಅಳೆಯುತ್ತವೆ. ಇಲ್ಲಿ ಹೇಳುತ್ತಿರುವುದು ತಾಲ್ಲೂಕು ಕೇಂದ್ರಗಳ ಸಣ್ಣ ಲ್ಯಾಬುಗಳಲ್ಲೂ ಮೇಜಿನ ಮೇಲೆ ಕಾಣುವ ಸೆಮಿ ಆಟೋ ಅನಲೈಸರ್ ಕುರಿತು. ಅದಕ್ಕೆ ಬೇಕಾದ ಬಣ್ಣವನ್ನು ಮೊದಲು ಹುಟ್ಟಿಸಬೇಕು. ರಕ್ತವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಕೆಂಪು ಕಣಗಳು ತಳ ಸೇರಿದ ಮೇಲೆ ಉಳಿಯುವ ತಿಳಿಹಳದಿ ದ್ರವದಲ್ಲಿ 10 ಮೈಕ್ರೋಲೀಟರ್ ತೆಗೆದುಕೊಳ್ಳುತ್ತಾರೆ. ಒಂದು ಹನಿಗಿಂತಲೂ ಎಷ್ಟೋ ಕಡಿಮೆ. ಅದನ್ನು ಒಂದು ಮಿಲಿಲೀಟರ್ ರೀಏಜೆಂಟಿಗೆ ಸೇರಿಸಿ 37 ಡಿಗ್ರಿಯಲ್ಲಿ ಹತ್ತು ನಿಮಿಷವೋ, ಕಿಟ್‌ನಲ್ಲಿ ಹೇಳಿದಷ್ಟು ಹೊತ್ತೋ ಇಡುತ್ತಾರೆ. ರೀಏಜೆಂಟಿನಲ್ಲಿರುವ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಗ್ಲೂಕೋಸನ್ನು ಆಮ್ಲಜನಕದೊಂದಿಗೆ ಬೆಸೆದು ಹೈಡ್ರೋಜನ್ ಪೆರಾಕ್ಸೈಡ್ ಬಿಡಿಸುತ್ತದೆ. ಪೆರಾಕ್ಸಿಡೇಸ್ ಎಂಬ ಎರಡನೆಯ ಕಿಣ್ವ ಆ ಪೆರಾಕ್ಸೈಡನ್ನು ಬಳಸಿಕೊಂಡು ಫೀನಾಲ್ ಮತ್ತು ಅಮೈನೋ ಆಂಟಿಪೈರಿನ್‌ಗಳನ್ನು ಜೋಡಿಸುತ್ತದೆ. ಆಗ ಹುಟ್ಟುವುದೇ ಆ ಗುಲಾಬಿ ಬಣ್ಣ. ಗ್ಲೂಕೋಸ್ ಪೂರ್ತಿ ಖರ್ಚಾಗುವವರೆಗೆ ಬಣ್ಣ ಗಾಢವಾಗುತ್ತಾ ಹೋಗಿ ನಿಲ್ಲುತ್ತದೆ. 1969ರಲ್ಲಿ ಟ್ರಿಂಡರ್ ಪ್ರಕಟಿಸಿದ ವಿಧಾನ ಇದಕ್ಕೆ ತಳಹದಿ. ಲ್ಯಾಬಿನವರ ಬಾಯಲ್ಲಿ ಇದು ‘ಗಾಡ್-ಪಾಡ್’.

ಈಗ ಬೆಳಕಿನ ಸರದಿ. ದ್ರವ ನಮ್ಮ ಕಣ್ಣಿಗೆ ಗುಲಾಬಿಯಾಗಿ ಕಾಣುವುದಕ್ಕೆ ಕಾರಣ, ಅದು ಬಿಳಿ ಬೆಳಕಿನಲ್ಲಿನ ಹಸಿರನ್ನು ನುಂಗಿ ಉಳಿದದ್ದನ್ನು ಬಿಡುವುದು. ಹಾಗಾಗಿ ಯಂತ್ರದಲ್ಲಿ ದೀಪದ ಮುಂದೆ ಒಂದು ಫಿಲ್ಟರ್ ಇಟ್ಟು, 505 ನ್ಯಾನೋಮೀಟರ್ ಸುತ್ತಮುತ್ತಲಿನ ಹಸಿರು ಬೆಳಕನ್ನಷ್ಟೇ ಹಾಯಿಸುತ್ತಾರೆ. ಕೆಂಪು ಬೆಳಕು ಹಾಯಿಸಿದರೆ ಗುಲಾಬಿ ದ್ರವ ಅದನ್ನು ಹೆಚ್ಚುಕಡಿಮೆ ಹಾಗೆಯೇ ಬಿಟ್ಟುಬಿಡುತ್ತದೆ, ತಿಳಿಯುವುದೇನೂ ಇರುವುದಿಲ್ಲ. ದ್ರವ ಯಾವ ಬೆಳಕನ್ನು ನುಂಗುತ್ತದೋ ಅದನ್ನೇ ಕೊಟ್ಟು, ಆಚೆ ಎಷ್ಟು ಬಂತು ಎಂದು ನೋಡಬೇಕು.

ಆಚೆ ಬಂದ ಬೆಳಕು ಬಣ್ಣದ ಪ್ರಮಾಣಕ್ಕೆ ತಕ್ಕಂತೆ ನೇರವಾಗಿ ಕಡಿಮೆಯಾಗುವುದಿಲ್ಲ, ತೊಡಕಿರುವುದು ಇಲ್ಲಿ. ದ್ರವದ ಒಂದು ಪದರ ಅರ್ಧ ಬೆಳಕನ್ನು ನುಂಗುತ್ತದೆ ಎಂದುಕೊಳ್ಳಿ. ಅದರ ಹಿಂದೆ ಅಂಥದೇ ಇನ್ನೊಂದು ಪದರವಿದ್ದರೆ ಉಳಿದರ್ಧ ಬೆಳಕೂ ಹೋಗಿ ಕತ್ತಲಾಗುವುದಿಲ್ಲ. ಉಳಿದದ್ದರಲ್ಲಿ ಅರ್ಧ ಹೋಗುತ್ತದೆ, ನೂರರಲ್ಲಿ ಇಪ್ಪತ್ತೈದು ಪಾಲು ಆಚೆ ದಾಟುತ್ತದೆ. ಮೂರನೆಯದರಲ್ಲಿ ಹನ್ನೆರಡೂವರೆ. ಬಣ್ಣ ಕೂಡುತ್ತಾ ಹೋದರೆ ಬೆಳಕು ಭಾಗವಾಗುತ್ತಾ ಹೋಗುತ್ತದೆ. ಭಾಗಾಕಾರವನ್ನು ಸಂಕಲನವಾಗಿ ತಿರುಗಿಸಲು ಗಣಿತದಲ್ಲಿ ಲಾಗರಿದಮ್ ಇದೆಯಲ್ಲ, ಅದನ್ನೇ ಇಲ್ಲಿ ಬಳಸುತ್ತಾರೆ. ಅರ್ಧ ಬೆಳಕು ದಾಟಿದರೆ 0.301, ಕಾಲು ಭಾಗ ದಾಟಿದರೆ 0.602, ಹತ್ತರಲ್ಲಿ ಒಂದು ಪಾಲು ದಾಟಿದರೆ 1. ಈ ಅಂಕಿಯ ಹೆಸರು ಅಬ್ಸಾರ್ಬೆನ್ಸ್, ಲ್ಯಾಬಿನಲ್ಲಿ ಓ.ಡಿ. ಎನ್ನುವವರೇ ಹೆಚ್ಚು. ಬೆಳಕು ಪದರದಿಂದ ಪದರಕ್ಕೆ ಹೀಗೆ ಕುಗ್ಗುವುದನ್ನು ಫ್ರಾನ್ಸಿನ ಪಿಯರ್ ಬೂಗೇರ್ 1729ರಲ್ಲಿ ಬರೆದಿದ್ದ, ಲ್ಯಾಂಬರ್ಟ್ 1760ರಲ್ಲಿ ಅದಕ್ಕೆ ಗಣಿತದ ರೂಪ ಕೊಟ್ಟ. ದಪ್ಪದ ಬದಲು ಬಣ್ಣದ ಸಾಂದ್ರತೆಯನ್ನು ಏರಿಸಿದರೂ ಇದೇ ಲೆಕ್ಕ ಎಂಬುದಕ್ಕೆ ಬೇರ್ ಹೆಸರು ಸೇರಿಕೊಂಡದ್ದು 1852ರ ಅವನ ಕೆಲಸದಿಂದ. ಹಾಗಾಗಿ ಬೆಳಕು ಹಾಯುವ ದೂರ ಬದಲಾಗದಿದ್ದರೆ, ಗ್ಲೂಕೋಸ್ ಎರಡರಷ್ಟಾದಾಗ ಓ.ಡಿ.ಯೂ ಎರಡರಷ್ಟಾಗುತ್ತದೆ.

ಇಷ್ಟಾದರೂ 124 ಸಿಗುವುದಿಲ್ಲ. ಯಂತ್ರ ಒಂದು ಓ.ಡಿ. ತೋರಿಸಿತು, ಅದರಲ್ಲಿ ಗ್ಲೂಕೋಸಿನ ಪಾಲೆಷ್ಟು? ರೀಏಜೆಂಟಿಗೇ ಸ್ವಲ್ಪ ಬಣ್ಣವಿರುತ್ತದೆ, ಬಾಟಲಿ ತೆರೆದು ದಿನಗಳಾದಂತೆ ಅದು ತಾನಾಗಿಯೇ ಗುಲಾಬಿಗೆ ತಿರುಗುತ್ತದೆ. ಅಂಗಡಿಯವನು ಖಾಲಿ ಡಬ್ಬಿಯ ತೂಕ ಕಳೆದು ಎಣ್ಣೆ ತೂಗುವಂತೆ, ಇಲ್ಲಿ ರೀಏಜೆಂಟಿನದೇ ಬಣ್ಣವನ್ನು ಮೊದಲು ಕಳೆಯಬೇಕು. ಅದಕ್ಕಾಗಿ ಇಡುವ, ರೀಏಜೆಂಟಿಗೆ ಸ್ಯಾಂಪಲ್ಲಿನ ಬದಲು ಅಷ್ಟೇ ನೀರು ಹಾಕಿದ ಟ್ಯೂಬೇ ಬ್ಲ್ಯಾಂಕ್. ಇನ್ನೊಂದು ಟ್ಯೂಬಿಗೆ ಸ್ಟ್ಯಾಂಡರ್ಡ್, ಅಂದರೆ ಡೆಸಿಲೀಟರಿಗೆ ಸರಿಯಾಗಿ 100 ಮಿಲಿಗ್ರಾಂ ಗ್ಲೂಕೋಸ್ ಇರುವ, ಕಿಟ್ ಜೊತೆಗೇ ಬರುವ ದ್ರಾವಣ. ಮೂರನೆಯದು ರೋಗಿಯದು. ಮೂರೂ ಟ್ಯೂಬು ಒಟ್ಟಿಗೆ ಇನ್‌ಕ್ಯುಬೇಟರಿಗೆ ಹೋಗುತ್ತವೆ, ಒಟ್ಟಿಗೆ ಹೊರಬರುತ್ತವೆ.

ನೀರಿಗೆ ಸೊನ್ನೆ ಇಟ್ಟು ಓದಿದಾಗ ಬ್ಲ್ಯಾಂಕ್ 0.040, ಸ್ಟ್ಯಾಂಡರ್ಡ್ 0.340, ರೋಗಿಯ ಸ್ಯಾಂಪಲ್ 0.412 ಬಂತು ಎಂದಿಟ್ಟುಕೊಳ್ಳೋಣ. ಬ್ಲ್ಯಾಂಕ್ ಕಳೆದರೆ ಸ್ಟ್ಯಾಂಡರ್ಡ್‌ಗೆ 0.300, ಸ್ಯಾಂಪಲ್ಲಿಗೆ 0.372. ನೂರು ಮಿಲಿಗ್ರಾಂ 0.300 ಕೊಟ್ಟರೆ 0.372 ಕೊಡುವುದು ಎಷ್ಟು? ಶಾಲೆಯಲ್ಲಿ ಕಲಿತ ತ್ರೈರಾಶಿ: 0.372 ÷ 0.300 × 100 = 124.

ಬ್ಲ್ಯಾಂಕ್ ಮರೆತರೆ? ನೇರವಾಗಿ 0.412ನ್ನು 0.340ರಿಂದ ಭಾಗಿಸಿದರೆ 121 ಬರುತ್ತದೆ. ಇಷ್ಟೇ ತಾನೇ ಎನಿಸಬಹುದು. ಆದರೆ ಈ ತಪ್ಪಿನ ನಡೆ ವಿಚಿತ್ರ. ನಿಜವಾಗಿ 50 ಇರುವ, ತಲೆಸುತ್ತಿ ಬಿದ್ದವರ ರಕ್ತಕ್ಕೆ ಅದು 56 ಎನ್ನುತ್ತದೆ. 300 ಇರುವವರಿಗೆ 276 ಎನ್ನುತ್ತದೆ. ಕಡಿಮೆಯಿದ್ದದ್ದನ್ನು ಮೇಲೆತ್ತುತ್ತದೆ, ಹೆಚ್ಚಿದ್ದದ್ದನ್ನು ಕೆಳಗೆಳೆಯುತ್ತದೆ, ಎಲ್ಲವನ್ನೂ ಸ್ಟ್ಯಾಂಡರ್ಡಿನ ಕಡೆಗೆ ಒಯ್ಯುತ್ತದೆ. ಸರಿಯಾಗಿ 100 ಇರುವ ಸ್ಯಾಂಪಲ್ಲಿಗೆ ಮಾತ್ರ ಸರಿಯುತ್ತರವನ್ನೇ ಕೊಡುತ್ತದೆ! ಹಾಗಾಗಿ ಮೊದಲೇ ಬೆಲೆ ಗೊತ್ತಿರುವ ‘ಕಂಟ್ರೋಲ್’ ಸೀರಂ ಓಡಿಸಿ ಪರೀಕ್ಷಿಸುವ ಲ್ಯಾಬ್, ನೂರರ ಆಸುಪಾಸಿನ ಒಂದೇ ಕಂಟ್ರೋಲನ್ನು ನಂಬಿದರೆ ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲ. ಸಾಮಾನ್ಯ ಮಟ್ಟದ್ದೊಂದು, ಮೇಲಿನ ಮಟ್ಟದ್ದೊಂದು ಎಂದು ಕನಿಷ್ಠ ಎರಡು ಓಡಿಸುವುದು ಇದಕ್ಕೇ.

ಸ್ಟ್ಯಾಂಡರ್ಡಿನ ತಪ್ಪು ಬೇರೆ ಬಗೆಯದು. ಹತ್ತು ಮೈಕ್ರೋಲೀಟರ್ ಎಳೆಯುವಾಗ ಟಿಪ್‌ನ ತುದಿಯಲ್ಲಿ ಒಂದು ಸಣ್ಣ ಗುಳ್ಳೆ ನಿಂತು 9.8 ಮಾತ್ರ ಬಂತು ಎನ್ನಿ. ಸ್ಟ್ಯಾಂಡರ್ಡಿನ ಓ.ಡಿ. 0.300 ಆಗಬೇಕಾದದ್ದು 0.294 ಆಗುತ್ತದೆ. ಯಂತ್ರಕ್ಕೆ ಗುಳ್ಳೆಯ ಸುದ್ದಿ ಗೊತ್ತಿಲ್ಲ, ಅದು 0.294ನ್ನೇ ನೂರು ಎಂದು ನಂಬುತ್ತದೆ. ಅದೇ ರೋಗಿಯ 0.372 ಈಗ 126.5 ಆಗುತ್ತದೆ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಯಾಬಿಟೀಸ್ ಎಂಬ ಗೆರೆ ಇರುವುದು ಗೊತ್ತಲ್ಲ. ರೋಗಿಯ ಟ್ಯೂಬಿನಲ್ಲಿ ಯಾವ ತಪ್ಪೂ ಆಗಿಲ್ಲ, ತಪ್ಪಾದದ್ದು ಪಕ್ಕದ ಟ್ಯೂಬಿನಲ್ಲಿ, ಆದರೂ ರೋಗಿ ಗೆರೆಯ ಆಚೆಗೆ ಬಿದ್ದರು. ಅವರೊಬ್ಬರೇ ಅಲ್ಲ, ಆ ಬೆಳಗಿನ ಅಷ್ಟೂ ರೋಗಿಗಳ ಅಂಕಿ ಶೇಕಡಾ ಎರಡರಷ್ಟು ಏರಿರುತ್ತದೆ. ಸ್ಟ್ಯಾಂಡರ್ಡನ್ನು ಎರಡು ಟ್ಯೂಬಿನಲ್ಲಿ ಇಟ್ಟು, ಎರಡರ ಓದೂ ಹೊಂದಿದರೆ ಮಾತ್ರ ಮುಂದುವರಿಯುವುದು ಅದಕ್ಕೇ. ರೋಗ ಲಕ್ಷಣಗಳಿಲ್ಲದವರಿಗೆ ಒಂದೇ ರಿಪೋರ್ಟ್ ನೋಡಿ ವೈದ್ಯರು ತೀರ್ಪು ಕೊಡದೆ ಮತ್ತೊಮ್ಮೆ ಮಾಡಿಸುವುದಕ್ಕೂ ಇಂಥ ಕಾರಣಗಳಿವೆ.

ಇನ್ನೊಂದು ಅಡ್ಡದಾರಿಯೂ ಇದೆ. ಸ್ಟ್ಯಾಂಡರ್ಡ್ ಒಮ್ಮೆ ಓಡಿಸಿ, 100ನ್ನು 0.300ರಿಂದ ಭಾಗಿಸಿ ಬಂದ 333 ಎಂಬ ‘ಫ್ಯಾಕ್ಟರ್’ ಅನ್ನು ಯಂತ್ರದಲ್ಲಿ ಉಳಿಸಿಟ್ಟು, ಮುಂದಿನ ಸ್ಯಾಂಪಲ್ಲುಗಳ ಓ.ಡಿ.ಯನ್ನು ಅದರಿಂದ ಗುಣಿಸುತ್ತಾ ಹೋಗುವುದು. ರೀಏಜೆಂಟ್ ಉಳಿಯುತ್ತದೆ, ನಿಜ. ಆದರೆ ಸ್ಟ್ಯಾಂಡರ್ಡಿನ ನಿಜವಾದ ಉಪಕಾರ ಅದು ಸ್ಯಾಂಪಲ್ಲಿನ ಪಕ್ಕದಲ್ಲಿ ಕೂತು ಅದೇ ಕಷ್ಟಗಳನ್ನು ಅನುಭವಿಸುವುದರಲ್ಲಿದೆ. ಕರೆಂಟ್ ಹೋಗಿ ಇನ್‌ಕ್ಯುಬೇಟರ್ ತಣ್ಣಗಾಯಿತು, ಬಣ್ಣ ಪೂರ್ತಿ ಬರಲಿಲ್ಲ. ಆಗ ಎರಡೂ ಟ್ಯೂಬಿನ ಬಣ್ಣ ಒಟ್ಟಿಗೆ ಕುಗ್ಗುವುದರಿಂದ ಅವುಗಳ ಅನುಪಾತಕ್ಕೆ ಅಷ್ಟಾಗಿ ಪೆಟ್ಟು ಬೀಳುವುದಿಲ್ಲ. ಹಳೆಯ ಫ್ಯಾಕ್ಟರ್ ಇಂಥ ಯಾವುದನ್ನೂ ಕಾಣದು. ವಾರಗಟ್ಟಲೆ ಒಂದೇ ಫ್ಯಾಕ್ಟರಿನಲ್ಲಿ ನಡೆಯುವ ಲ್ಯಾಬಿನ ಬಗ್ಗೆ, ಪ್ರತಿದಿನ ಕಂಟ್ರೋಲನ್ನೂ ಓಡಿಸದಿದ್ದರೆ, ನನಗೆ ನಂಬಿಕೆ ಕಡಿಮೆ.

ಬಣ್ಣ ತೀರಾ ಗಾಢವಾದಾಗ ತ್ರೈರಾಶಿಯೇ ಕೈಕೊಡುತ್ತದೆ. ಇಂಥ ಕಿಟ್‌ಗಳು ಸಾಮಾನ್ಯವಾಗಿ 500ರವರೆಗೆ ನೇರ ಲೆಕ್ಕ ಕೊಡುತ್ತವೆ. ಅದರಾಚೆ ರೀಏಜೆಂಟೇ ಸಾಲದೆ ಹೋಗಬಹುದು. ಯಂತ್ರದ ಮಿತಿಯೂ ಒಂದಿದೆ: ಫಿಲ್ಟರಿನಿಂದ ನುಸುಳಿದ ಬೇರೆ ಬಣ್ಣದ ಬೆಳಕು. ದ್ರವ ಅದನ್ನು ನುಂಗುವುದಿಲ್ಲ. ಅದು ನೂರರಲ್ಲಿ ಒಂದು ಪಾಲು ಇದ್ದರೂ ತಿಳಿಬಣ್ಣದಲ್ಲಿ ತೊಂದರೆ ಕಾಣದು. ಆದರೆ ಹಸಿರು ಬೆಳಕೂ ನೂರರಲ್ಲಿ ಒಂದೇ ಪಾಲು ದಾಟುವಷ್ಟು ಬಣ್ಣ ದಟ್ಟವಾದಾಗ, ಆಚೆ ಬಿದ್ದ ಬೆಳಕಿನಲ್ಲಿ ಅರ್ಧ ಈ ನುಸುಳಿದ್ದೇ ಆಗಿಬಿಡುತ್ತದೆ. ಓ.ಡಿ. 2 ಬರಬೇಕಾದಲ್ಲಿ 1.7 ಬರುತ್ತದೆ. ಹೀಗಾಗಿ ತುಂಬಾ ಹೆಚ್ಚಿನ ಸಕ್ಕರೆಯನ್ನು ಯಂತ್ರ ಕಡಿಮೆ ಮಾಡಿ ಹೇಳುತ್ತದೆ. ಪರಿಹಾರ ಸುಲಭ: ಸೀರಂಗೆ ಅಷ್ಟೇ ಪ್ರಮಾಣದ ಸಲೈನ್ ಬೆರೆಸಿ ಮತ್ತೆ ಓಡಿಸುವುದು. 310 ಬಂದರೆ ಎರಡರಿಂದ ಗುಣಿಸಿ 620. ಬಣ್ಣ ಬಂದ ಮೇಲೆ ನೀರು ಹಾಕಿ ತಿಳಿ ಮಾಡಿದರೆ ಪ್ರಯೋಜನವಿಲ್ಲ, ರೀಏಜೆಂಟ್ ಮುಗಿದಿದ್ದರೆ ಬರಬೇಕಾದ ಬಣ್ಣ ಬಂದೇ ಇರುವುದಿಲ್ಲ.

ಇನ್ನು ಸೀರಂನದೇ ಬಣ್ಣ. ಕಾಮಾಲೆಯವರ ಸೀರಂ ಗಾಢ ಹಳದಿ. ಕೊಬ್ಬು ವಿಪರೀತ ಇರುವವರದು ಹಾಲಿನಂತೆ ಬೆಳ್ಳಗೆ. ಕೊಬ್ಬಿನ ಕಣಗಳು ಬೆಳಕನ್ನು ನುಂಗುವುದಿಲ್ಲ, ಅತ್ತಿತ್ತ ಚದುರಿಸುತ್ತವೆ. ಆದರೆ ಆಚೆಯಿರುವ ಸೆಲ್‌ಗೆ ಬೆಳಕು ಬರಲಿಲ್ಲ ಎಂಬುದಷ್ಟೇ ಗೊತ್ತಾಗುತ್ತದೆ, ಏಕೆ ಬರಲಿಲ್ಲ ಎಂಬುದಲ್ಲ. ರೀಏಜೆಂಟ್ ಬ್ಲ್ಯಾಂಕ್ ಇದನ್ನು ಹಿಡಿಯಲಾರದು, ಅದರಲ್ಲಿ ಸೀರಂ ಇಲ್ಲವಲ್ಲ. ಅಂಥ ರೋಗಿಯ ಸೀರಂ 10 ಮೈಕ್ರೋಲೀಟರನ್ನು ಬರೀ ಸಲೈನಿಗೆ ಹಾಕಿ ಓದಿ, ಆ ಓದನ್ನೂ ಕಳೆಯಬೇಕು. ಇದು ಸ್ಯಾಂಪಲ್ ಬ್ಲ್ಯಾಂಕ್.

ಯಾವ ಬ್ಲ್ಯಾಂಕಿಗೂ ಸಿಗದ ಒಂದು ತಪ್ಪು ಉಳಿಯುತ್ತದೆ. ವಿಟಮಿನ್ ಸಿ ಹೆಚ್ಚಿನ ಪ್ರಮಾಣದಲ್ಲಿ, ಅದರಲ್ಲೂ ಡ್ರಿಪ್ಪಿನ ಮೂಲಕ, ಪಡೆಯುತ್ತಿರುವವರ ರಕ್ತದಲ್ಲಿ ಆ ವಿಟಮಿನ್ ಪೆರಾಕ್ಸೈಡನ್ನು ಬಣ್ಣವಾಗುವ ಮೊದಲೇ ಕಬಳಿಸುತ್ತದೆ. ವಿಟಮಿನ್ನಿಗೆ ಬಣ್ಣವಿಲ್ಲ, ಆದ್ದರಿಂದ ಸ್ಯಾಂಪಲ್ ಬ್ಲ್ಯಾಂಕ್ ಸ್ವಚ್ಛವಾಗಿಯೇ ಓದುತ್ತದೆ. ಸ್ಟ್ಯಾಂಡರ್ಡ್ ಸರಿಯಾಗಿರುತ್ತದೆ, ಕಂಟ್ರೋಲ್ ಸರಿಯಾಗಿರುತ್ತದೆ, ರೋಗಿಯ ಅಂಕಿ ಮಾತ್ರ ಇರುವುದಕ್ಕಿಂತ ಕೆಳಗೆ. ಲ್ಯಾಬಿಗೆ ಇದು ತಿಳಿಯಬೇಕಾದರೆ ರೋಗಿಯೋ ವೈದ್ಯರೋ ಹೇಳಬೇಕು. ಹೇಳಿದರೆ ಸ್ಯಾಂಪಲನ್ನು ಹೆಕ್ಸೋಕೈನೇಸ್ ವಿಧಾನ ಇರುವ ದೊಡ್ಡ ಲ್ಯಾಬಿಗೆ ಕಳಿಸಬಹುದು. ಅಲ್ಲಿ ಪೆರಾಕ್ಸೈಡ್ ಇಲ್ಲ, ಗುಲಾಬಿ ಬಣ್ಣವೂ ಇಲ್ಲ. ಕಣ್ಣಿಗೆ ಕಾಣದ 340 ನ್ಯಾನೋಮೀಟರಿನ ಅತಿನೇರಳೆ ಬೆಳಕನ್ನು ನುಂಗುವ ಇನ್ನೊಂದು ವಸ್ತುವನ್ನು ಹುಟ್ಟಿಸಿ, ಮತ್ತೆ ಬ್ಲ್ಯಾಂಕ್ ಕಳೆದು, ಮತ್ತೆ ಗೊತ್ತಿರುವ ಗ್ಲೂಕೋಸಿನೊಂದಿಗೇ ಹೋಲಿಸುತ್ತಾರೆ.